ಎಕ್ರೆ, ಅಳಿಯ, ಯಾವಚ್ಚಂದ್ರಾರ್ಕ: ಕರಾವಳಿಯ ಹಳೆಯ ಕ್ರಯಪತ್ರವನ್ನು ಇಂಗ್ಲಿಷಿಗೆ ತರುವಾಗ

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಜಾಗವನ್ನು ಅಜ್ಜಿ 1958ರಲ್ಲಿ ಕ್ರಯಕ್ಕೆ ತೆಗೆದುಕೊಂಡದ್ದು. ಪತ್ರ ಪೂರ್ತಿ ಕೈಬರಹದ ಕನ್ನಡದಲ್ಲಿದೆ. ಮುಂಬಯಿಯಲ್ಲಿರುವ ತಮ್ಮನ ವಕೀಲರಿಗೆ ಇಂಗ್ಲಿಷಿನಲ್ಲಿ ಬೇಕಂತೆ. ಒಬ್ಬರಿಂದ ಅನುವಾದ ಮಾಡಿಸಿದೆವು. ಅದರಲ್ಲಿ ಜಾಗ ಎರಡೂವರೆ ಎಕ್ರೆಗಿಂತ ಹೆಚ್ಚು ಬರುತ್ತದೆ, ನಮಗೆ ಅಷ್ಟಿಲ್ಲ. ಮಾರಿದವರ ಮಕ್ಕಳ ಸಹಿ ಯಾಕಿಲ್ಲ, ಅಳಿಯ, ಸೊಸೆಯ ಸಹಿ ಯಾಕಿದೆ ಎಂದು ವಕೀಲರು ಕೇಳುತ್ತಿದ್ದಾರೆ. ‘ಯಾವಚ್ಚಂದ್ರಾರ್ಕ’, ‘ಅಷ್ಟಭೋಗ’ ಇವನ್ನೆಲ್ಲ ಬಿಟ್ಟೇ ಬಿಟ್ಟಿದ್ದಾರೆ. ಸರಿ ಮಾಡುವುದು ಹೇಗೆ? ಎರಡರ ಪ್ರತಿಯನ್ನೂ ಕಳಿಸಿದ್ದೇನೆ.

ಉತ್ತರ: ಎರಡು ಪ್ರತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿದೆ. ನಿಮ್ಮ ಅಜ್ಜಿಯ ಪತ್ರದಲ್ಲಿ ತಪ್ಪೇನೂ ಇಲ್ಲ. ಅದನ್ನು ಬರೆದವರು ಕೆಲಸ ಬಲ್ಲವರು. ಅನುವಾದ ಮಾಡಿದವರಿಗೂ ಕನ್ನಡ ಚೆನ್ನಾಗಿಯೇ ಗೊತ್ತಿದೆ. ಅವರಿಗೆ ಗೊತ್ತಿಲ್ಲದಿದ್ದುದು ದಕ್ಷಿಣ ಕನ್ನಡದ ದಸ್ತಾವೇಜಿನ ಕನ್ನಡ. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿಯ ಭೂಮಿಯ ಲೆಕ್ಕ, ಕಂದಾಯದ ಮಾತು, ಕುಟುಂಬದ ಕಾನೂನು ಎಲ್ಲವೂ ಘಟ್ಟದ ಮೇಲಿನದಕ್ಕಿಂತ ಬೇರೆ. ಅನುವಾದಕರು ಘಟ್ಟದ ಮೇಲಿನ ಅಭ್ಯಾಸದಿಂದ ಓದಿದ್ದಾರೆ ಎಂಬುದು ಅಳತೆಯ ಕಡೆಯಲ್ಲಿ ಎದ್ದು ಕಾಣುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪತ್ರದ ಕೊನೆಯ ಶೆಡ್ಯೂಲಿನಲ್ಲಿ ಮೂರು ಬಾಬುಗಳಿವೆ. ಸರ್ವೆ ನಂಬ್ರ 112-3ಎ ಪೈಕಿ ಪುಂಜ, ಎ. 0-6, 112-4 ನಂಜ, ಎ. 1-20, 113-1 ಬಾಗಾಯ್ತು, ಎ. 0-38. ಅದರ ಕೆಳಗೆ ‘ಒಟ್ಟು ಎ. 1-64’ ಎಂದಿದೆ. ನಿಮ್ಮ ಅನುವಾದಕರು ಅಡ್ಡಗೆರೆಯ ಬಲಗಡೆಯ ಅಂಕಿಗಳನ್ನು ಗುಂಟೆಗಳೆಂದು ತೆಗೆದುಕೊಂಡರು. ನಲವತ್ತು ಗುಂಟೆಗೆ ಒಂದು ಎಕ್ರೆಯಾದ್ದರಿಂದ ‘1 ಎಕ್ರೆ 64 ಗುಂಟೆ’ ಎಂಬುದು ಅವರಿಗೆ ಅಸಾಧ್ಯವೆನಿಸಿತು. ಆಗ ಪತ್ರ ಬರೆದವರೇ ಕೂಡಿಸುವಾಗ ತಪ್ಪಿದ್ದಾರೆಂದು ಭಾವಿಸಿ, 6, 20, 38 ಸೇರಿ 64 ಗುಂಟೆ, ಅಂದರೆ ಒಂದು ಎಕ್ರೆ 24 ಗುಂಟೆ, ಮೊದಲಿನ ಒಂದು ಎಕ್ರೆ ಸೇರಿ ಎರಡು ಎಕ್ರೆ 24 ಗುಂಟೆ ಎಂದು ‘ತಿದ್ದಿ’ ಬರೆದರು. ದಶಮಾಂಶದಲ್ಲಿ ಅದು 2.60 ಎಕ್ರೆ. ನಿಮಗೆ ಕಂಡ ಹೆಚ್ಚಿನ ಜಾಗ ಬಂದದ್ದು ಇಲ್ಲಿಂದ.

ನಮ್ಮಲ್ಲಿ ಆ ಅಂಕಿ ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಎಕ್ರೆ. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಗುಂಟೆಯೆಂದರೆ 1,089 ಚದರ ಅಡಿ, ಸರಿಯಾಗಿ ಎರಡೂವರೆ ಸೆಂಟ್ಸ್. ಆದ್ದರಿಂದ ನಿಮ್ಮ ಜಾಗ ಒಂದು ಎಕ್ರೆ 64 ಸೆಂಟ್ಸ್, ಅಂದರೆ 1.64 ಎಕ್ರೆ. ಅನುವಾದದಲ್ಲಿ 96 ಸೆಂಟ್ಸ್ ಹೆಚ್ಚಾಗಿ ಬಂದಿದೆ. ಇದನ್ನು ನಂಬಬೇಕಾದದ್ದು ನನ್ನ ಮಾತಿನ ಮೇಲೆ ಅಲ್ಲ, ಪತ್ರವೇ ಅದಕ್ಕೆ ಸಾಕ್ಷಿ: ಮೂರು ಬಾಬುಗಳ ಬಲಗಡೆಯ ಅಂಕಿಗಳು 64ಕ್ಕೆ ಬಂದು ಎಕ್ರೆಗೆ ದಾಟದೆ ಹಾಗೆಯೇ ನಿಂತಿವೆ. ಗುಂಟೆಯ ಲೆಕ್ಕದಲ್ಲಿ ಬಲಗಡೆ 39ಕ್ಕಿಂತ ದೊಡ್ಡ ಅಂಕಿ ಬರುವುದೇ ಇಲ್ಲ. ಯಾವ ಪತ್ರವನ್ನು ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಇದನ್ನು. ಬಲಗಡೆ ಒಂದೇ ಒಂದು ಕಡೆ 40 ಅಥವಾ ಅದಕ್ಕಿಂತ ದೊಡ್ಡ ಅಂಕಿಯಿದ್ದರೆ ಅದು ಸೆಂಟ್ಸಿನ ಪತ್ರ. ಎಲ್ಲ ಅಂಕಿಗಳೂ ಸಣ್ಣವಾಗಿದ್ದರೆ ಒಟ್ಟು ಮೊತ್ತವನ್ನು ಎರಡೂ ಬಗೆಯಲ್ಲಿ ಕೂಡಿಸಿ ನೋಡಬೇಕು. ಅದರಿಂದಲೂ ತಿಳಿಯದಿದ್ದರೆ ಅದೇ ಸರ್ವೆ ನಂಬ್ರದ ಪಹಣಿ ಮತ್ತು ಎಫ್‌ಎಂಬಿ, ಅಂದರೆ ಸರ್ವೆ ಇಲಾಖೆಯ ಅಳತೆ ಪುಸ್ತಕದ, ನಕಾಶೆಯನ್ನು ತರಿಸಿಕೊಳ್ಳಬೇಕು.

ಗುಂಟೆಯ ತಪ್ಪಿಗಿಂತ ಹೆಚ್ಚು ಅಪಾಯದ್ದು ಇನ್ನೊಂದಿದೆ. ಅದು ನಿಮ್ಮ ಪ್ರತಿಯಲ್ಲಿ ಆಗಿಲ್ಲ, ಆದರೆ ಆಗುವುದು ಬಹಳ ಸುಲಭ. ‘0-6’ ಎಂಬುದನ್ನು ಟೈಪು ಮಾಡುವವರು ಅಡ್ಡಗೆರೆಯ ಜಾಗದಲ್ಲಿ ಚುಕ್ಕಿಯಿಟ್ಟು ‘0.6 ಎಕ್ರೆ’ ಎಂದು ಮಾಡಿಬಿಡುತ್ತಾರೆ. ಆರು ಸೆಂಟ್ಸ್ ಅರುವತ್ತು ಸೆಂಟ್ಸ್ ಆಗುತ್ತದೆ. ಸರಿಯಾದದ್ದು 0.06. ಸೆಂಟ್ಸಿನ ಅಂಕಿ ಒಂದೇ ಇದ್ದಾಗ ಅದರ ಎಡಗಡೆ ಸೊನ್ನೆ ಹಾಕಲೇಬೇಕು. ಅರ್ಧ ಸೆಂಟ್ಸ್ ಬಂದಾಗಲೂ ಹೀಗೆಯೇ: ‘0-12½’ ಎಂದರೆ ಹನ್ನೆರಡೂವರೆ ಸೆಂಟ್ಸ್, 0.125 ಎಕ್ರೆ. ಈ ಕಾರಣಕ್ಕಾಗಿ ನಾನು ಅನುವಾದದ ಮೈಯಲ್ಲಿ ಚುಕ್ಕಿಯನ್ನು ಬಳಸುವುದೇ ಇಲ್ಲ. ‘ಝೀರೋ ಏಕರ್ಸ್ ಆ್ಯಂಡ್ ಸಿಕ್ಸ್ ಸೆಂಟ್ಸ್’ ಎಂದು ಎರಡೂ ಮಾನಗಳ ಹೆಸರನ್ನು ಬಿಡಿಸಿ ಬರೆಯುತ್ತೇನೆ. ಪತ್ರದಲ್ಲಿ ‘ಎ.’ ಎಂಬ ಒಂದೇ ಅಕ್ಷರವಿದ್ದು ‘ಸೆಂಟ್ಸ್’ ಎಂಬ ಮಾತು ಇಲ್ಲದಿದ್ದರೆ ಆ ಮಾತನ್ನು ಚೌಕ ಆವರಣದೊಳಗೆ ಹಾಕಿ, ಅದು ಅನುವಾದಕರು ಸೇರಿಸಿದ್ದೆಂದು ತೋರಿಸುತ್ತೇನೆ. ಚದರ ಮೀಟರು, ಹೆಕ್ಟೇರುಗಳಿಗೆ ಪರಿವರ್ತನೆ ಮಾಡಬೇಕೆಂದು ಕೇಳಿದರೆ ಅದು ಅಡಿಟಿಪ್ಪಣಿಗೆ ಹೋಗಬೇಕು. ಮೂಲದಲ್ಲಿ ಇಲ್ಲದ ಅಂಕಿಯನ್ನು ಅನುವಾದದ ಮೈಯಲ್ಲಿ ಇಟ್ಟರೆ, ನಾಳೆ ಎರಡು ದಾಖಲೆಗಳನ್ನು ಹೋಲಿಸುವವರು ಅದನ್ನು ವ್ಯತ್ಯಾಸವೆಂದೇ ಓದುತ್ತಾರೆ.

ಅಂಕಿಗಳ ವಿಷಯದಲ್ಲಿ ನಿಮ್ಮ ಅನುವಾದದಲ್ಲಿ ಮತ್ತೊಂದು ತಪ್ಪು ಸಿಕ್ಕಿತು. ಮೂಲದಲ್ಲಿ ನಂಜದ ಬಾಬಿನ ಎದುರು ‘ತೀರ್ವೆ ರೂ. 5-6-0’ ಎಂದಿದೆ. ಅದು ಐದು ರೂಪಾಯಿ ಆರು ಆಣೆ ಸೊನ್ನೆ ಪೈ. ದಶಮಾನ ನಾಣ್ಯ 1957ರ ಏಪ್ರಿಲಿನಲ್ಲಿ ಬಂದಿದ್ದರೂ 1958ರ ಪತ್ರದಲ್ಲಿ ಕಂದಾಯದ ಅಂಕಿಯನ್ನು ಹಳೆಯ ಲೆಕ್ಕದಿಂದಲೇ ಎತ್ತಿ ಬರೆದಿದ್ದಾರೆ. ಅನುವಾದದಲ್ಲಿ ಅದು ‘ರೂ. 5.60’ ಆಗಿದೆ. ಹದಿನಾರು ಆಣೆಗೆ ರೂಪಾಯಿಯಾದ್ದರಿಂದ ಆರು ಆಣೆ ಎಂದರೆ ಮೂವತ್ತೇಳೂವರೆ ಪೈಸೆ. ಹಣದ ಮೊತ್ತ ಚಿಕ್ಕದು, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹಳೆಯ ಕಂದಾಯ ದಾಖಲೆಯೊಂದಿಗೆ ಜಾಗವನ್ನು ತಾಳೆ ನೋಡುವವರು ಈ ಅಂಕಿಯನ್ನು ಗುರುತಿಗಾಗಿ ಬಳಸುತ್ತಾರೆ. ‘ತೀರ್ವೆ’ಗೆ ‘ಟ್ಯಾಕ್ಸ್’ ಎನ್ನುವುದಕ್ಕಿಂತ ‘ಅಸೆಸ್‌ಮೆಂಟ್’ ಎನ್ನುವುದು ಸರಿ. ನಂಜ, ಪುಂಜ, ಬಾಗಾಯ್ತುಗಳನ್ನು ಕನ್ನಡದ ಹೆಸರಿನಲ್ಲೇ ಉಳಿಸಿ, ಮೊದಲ ಸಲ ಬಂದಾಗ ಮಾತ್ರ ಗದ್ದೆಯ ನೀರಾವರಿ ಭೂಮಿ, ಒಣ ಭೂಮಿ, ತೋಟದ ಭೂಮಿ ಎಂಬ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕು.

‘ಪೈಕಿ’ ಎಂಬ ಸಣ್ಣ ಮಾತನ್ನು ನಿಮ್ಮ ಅನುವಾದಕರು ಬಿಟ್ಟಿದ್ದಾರೆ. 112-3ಎ ಪೈಕಿ ಆರು ಸೆಂಟ್ಸ್ ಎಂದರೆ ಆ ಸಬ್‌ಡಿವಿಜನ್ನಿನ ಒಂದು ಭಾಗ ಮಾತ್ರ ಮಾರಾಟವಾಗಿದೆ, ಉಳಿದದ್ದು ಬೇರೆಯವರಲ್ಲಿದೆ ಎಂದರ್ಥ. ‘ಔಟ್ ಆಫ್’ ಅಥವಾ ‘ಪೋರ್ಶನ್ ಆಫ್’ ಎಂಬ ಮಾತು ಅಲ್ಲಿ ಬರಲೇಬೇಕು. ಇಲ್ಲದಿದ್ದರೆ ಇಡೀ ನಂಬ್ರವೇ ಆರು ಸೆಂಟ್ಸ್ ಎಂದಾಗಿ ಪಹಣಿಗೂ ಅನುವಾದಕ್ಕೂ ಹೊಂದುವುದಿಲ್ಲ. ಆ ಆರು ಸೆಂಟ್ಸ್ ಎಲ್ಲಿದೆ ಎಂಬುದನ್ನು ಗಡಿಯ ಸಾಲುಗಳು ಹೇಳುತ್ತವೆ: ಪೂರ್ವಕ್ಕೆ ಅಗಳು, ದಕ್ಷಿಣಕ್ಕೆ ಕಟ್ಟಪುಣಿ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಸಬ್‌ಡಿವಿಜನ್ ಗಡಿ. ಅನುವಾದದಲ್ಲಿ ಅಗಳು, ಪುಣಿ ಎರಡೂ ‘ಬೌಂಡರಿ’ ಆಗಿವೆ. ಅಗಳೆಂದರೆ ತೋಡಿದ ಕಂದಕ, ಕಟ್ಟಪುಣಿಯೆಂದರೆ ಗದ್ದೆಯ ಅಂಚಿನ ಎತ್ತರಿಸಿದ ಮಣ್ಣಿನ ಬದು. ಒಂದು ಕೆಳಗಿಳಿದದ್ದು, ಇನ್ನೊಂದು ಮೇಲೆದ್ದದ್ದು. ಅಳತೆಗೆ ಬಂದವರು ಸ್ಥಳದಲ್ಲಿ ಹುಡುಕುವುದು ಇವನ್ನೇ. ‘ಡಿಚ್’, ‘ಅರ್ದನ್ ಫೀಲ್ಡ್ ಬಂಡ್’, ‘ಸ್ಟ್ರೀಮ್’ ಎಂದು ಬೇರೆಬೇರೆಯಾಗಿಯೇ ಬರೆಯಿರಿ.

ನಿಮ್ಮ ಪತ್ರಕ್ಕಿಂತಲೂ ಹಳೆಯವುಗಳಲ್ಲಿ ಸರ್ವೆಯ ಅಳತೆಯ ಬದಲು ‘ಬಿತ್ತು ಮುಡಿ ಎರಡರ ಗದ್ದೆ’ ಎಂಬಂಥ ಮಾತು ಬರುತ್ತದೆ. ಅದು ಬಿತ್ತುವ ಬೀಜದ ಪ್ರಮಾಣದಿಂದ ಗದ್ದೆಯನ್ನು ಹೇಳುವ ಕ್ರಮ. ಅದನ್ನು ಎಕ್ರೆಗೆ ಪರಿವರ್ತಿಸಲು ಹೋಗಬಾರದು, ಏಕೆಂದರೆ ಬೈಲಿನ ಗದ್ದೆಗೂ ಬೆಟ್ಟಿನ ಗದ್ದೆಗೂ ಹಿಡಿಯುವ ಬೀಜ ಒಂದೇ ಅಲ್ಲ. ಅದೇ ಪತ್ರದಲ್ಲಿ ‘ಗೇಣಿ ಅಕ್ಕಿ ಮುಡಿ ಹನ್ನೆರಡು’ ಎಂದೂ ಇರಬಹುದು. ಅಲ್ಲಿಯ ಮುಡಿ ಭೂಮಿಯ ಅಳತೆಯಲ್ಲ, ಬೈಹುಲ್ಲಿನಲ್ಲಿ ಕಟ್ಟಿದ, ಸಾಮಾನ್ಯವಾಗಿ 42 ಸೇರು ಅಕ್ಕಿಯ ಮುಡಿ. ಒಂದೇ ಹಾಳೆಯಲ್ಲಿ ಒಂದೇ ಮಾತು ಎರಡು ಕೆಲಸ ಮಾಡುತ್ತಿರುವುದನ್ನು ಅನುವಾದಕರು ಗಮನಿಸಿ ತೋರಿಸಬೇಕು.

ಇನ್ನು ಸಂಬಂಧವಾಚಕಗಳು. ವಕೀಲರ ಸಂಶಯವೆಲ್ಲ ಹುಟ್ಟಿದ್ದು ಇಲ್ಲಿ. ಅವರ ಸಂಶಯ ನ್ಯಾಯವಾದದ್ದೇ, ಏಕೆಂದರೆ ಅವರ ಮುಂದೆ ಇರುವ ಇಂಗ್ಲಿಷಿನ ಪ್ರಕಾರ ಒಬ್ಬ ವ್ಯಕ್ತಿ ತನ್ನ ‘ಸನ್-ಇನ್-ಲಾ’ ಮತ್ತು ‘ಡಾಟರ್-ಇನ್-ಲಾ’ ಜೊತೆ ಸೇರಿ ಆಸ್ತಿ ಮಾರಿದ್ದಾನೆ. ಮಗಳು ಎಲ್ಲಿ, ಮಗ ಎಲ್ಲಿ ಎಂದು ಯಾವ ವಕೀಲರೂ ಕೇಳಿಯೇ ಕೇಳುತ್ತಾರೆ.

ಪತ್ರದ ಮೊದಲ ಪುಟವನ್ನು ನೋಡಿ. ಬರೆದುಕೊಟ್ಟವರು ಮೂವರು. ಒಂದನೆಯವರನ್ನು ತಂದೆಯ ಹೆಸರಿನಿಂದ ಗುರುತಿಸಿಲ್ಲ, ತಾಯಿಯ ಹೆಸರು ಹೇಳಿ ಅವರ ಮಗ ಎಂದಿದೆ. ಎರಡನೆಯವರು ‘1ನೇಯವರ ಅಳಿಯ’, ಮೂರನೆಯವರು ‘1ನೇಯವರ ಸೊಸೆ’. ಮೂರನೆಯವರು ತಮ್ಮ ಪರವಾಗಿಯೂ ಅಪ್ರಾಪ್ತ ಮಕ್ಕಳ ಪಾಲಕಿಯಾಗಿಯೂ ಸಹಿ ಮಾಡಿದ್ದಾರೆ. ಎರಡನೆಯ ಪುಟಕ್ಕೆ ಬಂದಾಗ ‘ನಮ್ಮ ಅಳಿಯಸಂತಾನ ಕುಟುಂಬದ’ ಆಸ್ತಿ, ‘1ನೇಯವರು ಯಜಮಾನರು’ ಎಂಬ ಮಾತುಗಳಿವೆ. ಈ ಎರಡು ಪುಟಗಳನ್ನು ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಅಳಿಯ ಎಂದರೆ ಮಗಳ ಗಂಡನೂ ಹೌದು, ಗಂಡಸಿಗೆ ಅಕ್ಕತಂಗಿಯರ ಮಗನೂ ಹೌದು. ಸೊಸೆ ಎಂದರೆ ಮಗನ ಹೆಂಡತಿಯೂ ಹೌದು, ಅಕ್ಕತಂಗಿಯರ ಮಗಳೂ ಹೌದು. ಅಳಿಯಸಂತಾನದ ಕುಟುಂಬ ಹೆಣ್ಣಿನ ಸಂತತಿಯಲ್ಲಿ ಸಾಗುವುದರಿಂದ ಯಜಮಾನನ ಸ್ವಂತ ಮಕ್ಕಳು ಅವನ ಕುಟುಂಬಕ್ಕೆ ಸೇರುವುದಿಲ್ಲ, ಅವರು ತಮ್ಮ ತಾಯಿಯ ಕುಟುಂಬದವರು. ಅವನ ಅಕ್ಕತಂಗಿಯರ ಮಕ್ಕಳು ಸೇರುತ್ತಾರೆ. ಆದ್ದರಿಂದ ಈ ಪತ್ರಕ್ಕೆ ಯಾರು ಸಹಿ ಹಾಕಬೇಕಿತ್ತೋ ಅಂಥವರೇ ಹಾಕಿದ್ದಾರೆ, ಮಗ ಮಗಳಂದಿರ ಸಹಿ ಇಲ್ಲದಿರುವುದೂ ಆ ಕ್ರಮಕ್ಕೆ ಸರಿಯಾಗಿಯೇ ಇದೆ.

ಅನುವಾದದಲ್ಲಿ ‘ಸಿಸ್ಟರ್ಸ್ ಸನ್’, ‘ಸಿಸ್ಟರ್ಸ್ ಡಾಟರ್’ ಎಂದು ಬರೆಯಬೇಕು. ‘ನೆಫ್ಯೂ’, ‘ನೀಸ್’ ಎಂದರೆ ಸಾಲದು, ಏಕೆಂದರೆ ಅಣ್ಣತಮ್ಮಂದಿರ ಮಕ್ಕಳಿಗೂ ಇಂಗ್ಲಿಷಿನಲ್ಲಿ ಅದೇ ಮಾತು. ಇಲ್ಲಿ ಇಡೀ ಹಕ್ಕು ನಿಂತಿರುವುದೇ ಅಕ್ಕತಂಗಿಯರೋ ಅಣ್ಣತಮ್ಮಂದಿರೋ ಎಂಬುದರ ಮೇಲೆ. ಮೊದಲ ಸಲ ಬಂದಾಗ ‘ಅಳಿಯ’ ಎಂಬ ಮೂಲ ಮಾತನ್ನು ರೋಮನ್ ಲಿಪಿಯಲ್ಲಿ ಜೊತೆಗಿಟ್ಟು, ಅದಕ್ಕೆ ಎರಡು ಅರ್ಥಗಳಿವೆ, ಇಂಥ ಸಾಲುಗಳ ಆಧಾರದಿಂದ ಈ ಅರ್ಥವನ್ನು ತೆಗೆದುಕೊಳ್ಳಲಾಗಿದೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಬೇಕು. ನಿಮ್ಮ ಪತ್ರದಲ್ಲಿ ಆಧಾರ ಗಟ್ಟಿಯಾಗಿದೆ: ನಾಲ್ಕನೆಯ ಪುಟದಲ್ಲಿ ಎರಡನೆಯವರ ತಾಯಿಯನ್ನು ‘1ನೇಯವರ ಅಕ್ಕ’ ಎಂದೇ ಕರೆದಿದ್ದಾರೆ. ಅಂಥ ಆಧಾರ ಎಲ್ಲಿಯೂ ಸಿಗದ ಪತ್ರವೂ ಬರುತ್ತದೆ. ಆಗ ಊಹೆಯಿಂದ ಒಂದನ್ನು ಆರಿಸಬಾರದು. ‘ಅಳಿಯ’ ಎಂಬುದನ್ನೇ ಉಳಿಸಿ, ಎರಡೂ ಅರ್ಥಗಳನ್ನು ಟಿಪ್ಪಣಿಯಲ್ಲಿ ಕೊಟ್ಟು, ಪತ್ರದಿಂದ ನಿರ್ಧರಿಸಲು ಆಗುವುದಿಲ್ಲ ಎಂದು ಬರೆಯಬೇಕು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಪತ್ರದ ‘ಮಾವ’ನನ್ನು ‘ಫಾದರ್-ಇನ್-ಲಾ’ ಮಾಡಿಬಿಟ್ಟಿದ್ದೆ. ಆತ ಸೋದರಮಾವ. ನನ್ನ ಅನುವಾದವನ್ನು ನಂಬಿ ಎದುರು ಪಕ್ಷದವರು ಇಲ್ಲದ ಒಂದು ಮದುವೆಯ ಬಗ್ಗೆ ಪ್ರಶ್ನೆ ಎತ್ತಿದರು, ಅದನ್ನು ಸರಿಪಡಿಸಲು ಕಕ್ಷಿದಾರರು ಮತ್ತೆರಡು ಸಲ ಕೋರ್ಟಿಗೆ ಅಲೆಯಬೇಕಾಯಿತು. ಅದರ ಸಂಕಟ ನನಗೆ ಈಗಲೂ ಇದೆ.

‘ಯಜಮಾನ’ ಎಂಬುದಕ್ಕೆ ನಿಮ್ಮ ಅನುವಾದಕರು ‘ಕರ್ತಾ’ ಎಂದು ಹಾಕಿದ್ದಾರೆ. ಮುಂಬಯಿಯ ವಕೀಲರಿಗೆ ಅದು ಪರಿಚಿತ ಮಾತು, ಅದೇ ತೊಂದರೆ. ಕರ್ತಾ ಎಂದೊಡನೆ ಅವರ ಮನಸ್ಸಿಗೆ ಬರುವುದು ತಂದೆಯಿಂದ ಮಕ್ಕಳಿಗೆ ಸಾಗುವ ಮಿತಾಕ್ಷರ ಅವಿಭಕ್ತ ಕುಟುಂಬ. ಹಾಗೆ ಓದಿದಾಗ ಮಕ್ಕಳ ಸಹಿ ಇಲ್ಲದಿರುವುದು ದೋಷವಾಗಿ ಕಾಣುತ್ತದೆ. ಕುಟುಂಬ, ಕವರು, ಯಜಮಾನ ಎಂಬ ಮಾತುಗಳು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ವ್ಯವಹಾರಕ್ಕೆ ಸೇರಿದವು. ಇವನ್ನು ರೋಮನ್ ಲಿಪಿಯಲ್ಲಿ ಹಾಗೆಯೇ ಉಳಿಸುವುದೇ ಸರಿ. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣಿನ ಸಾಲಿನಲ್ಲಿ ಬಂದ ಅವಳ ಸಂತತಿ. ‘ಬ್ರಾಂಚ್’ ಎಂದು ಟಿಪ್ಪಣಿಯಲ್ಲಿ ವಿವರಿಸಬಹುದು, ಮೈಯಲ್ಲಿ ಬದಲಿಸಬಾರದು.

ಇದೇ ಜಾಗದಲ್ಲಿ ನಿಮ್ಮ ಅನುವಾದದಿಂದ ಒಂದು ಪೂರ್ತಿ ವಾಕ್ಯಖಂಡ ಬಿದ್ದುಹೋಗಿದೆ. ಮೂಲದಲ್ಲಿ ‘ಕುಟುಂಬದ ಸಾಲ ತೀರಿಸುವರೇ ಮತ್ತು ಮನೆ ರಿಪೇರಿ ಮಾಡಿಸುವರೇ ಹಣದ ಅಗತ್ಯವಿದ್ದುದರಿಂದ’ ಎಂದಿದೆ. ನಮ್ಮ ಕಡೆಯ ಕಚೇರಿ ಕನ್ನಡದಲ್ಲಿ ‘ತೀರಿಸುವರೇ’ ಎಂದರೆ ‘ತೀರಿಸುವುದಕ್ಕಾಗಿ’. ಇಂದಿಗೂ ಇಲ್ಲಿಯ ಆಮಂತ್ರಣಪತ್ರಗಳಲ್ಲಿ, ಅರ್ಜಿಗಳಲ್ಲಿ ಈ ರೂಪ ಜೀವಂತವಾಗಿದೆ. ಬೇರೆ ಕಡೆಯವರು ಅದನ್ನು ‘ತೀರಿಸುತ್ತಾರೆಯೇ?’ ಎಂಬ ಪ್ರಶ್ನೆಯೆಂದು ಓದುತ್ತಾರೆ. ಅರ್ಥ ಕೂಡದೆ ಇದ್ದಾಗ ಬಿಟ್ಟುಬಿಡುತ್ತಾರೆ. ಆದರೆ ಕುಟುಂಬದ ಆಸ್ತಿಯನ್ನು ಯಜಮಾನನು ಯಾವ ಅಗತ್ಯಕ್ಕಾಗಿ ಮಾರಿದ ಎಂಬುದನ್ನು ಹೇಳುವ ಸಾಲು ಅದೊಂದೇ. ಹಕ್ಕನ್ನು ಪರಿಶೀಲಿಸುವ ವಕೀಲರು ಮೊದಲು ಹುಡುಕುವ ಸಾಲು ಕೂಡ ಅದೇ. ‘ಫಾರ್ ದ ಪರ್ಪಸ್ ಆಫ್ ಡಿಸ್ಚಾರ್ಜಿಂಗ್ ದ ಡೆಟ್ಸ್ ಆಫ್ ದ ಕುಟುಂಬ’ ಎಂದು ಅದನ್ನು ಮರಳಿ ಸೇರಿಸಲೇಬೇಕು.

ಕಾನೂನಿನ ಸೂತ್ರವಾಕ್ಯಗಳ ವಿಷಯದಲ್ಲಿ ಅನುವಾದಕರು ಎರಡು ಬಗೆಯಲ್ಲಿ ತಪ್ಪುತ್ತಾರೆ: ಅಲಂಕಾರವೆಂದು ಭಾವಿಸಿ ಬಿಡುತ್ತಾರೆ, ಇಲ್ಲವೇ ಇಂಗ್ಲಿಷಿನಲ್ಲಿ ಸಿದ್ಧವಾಗಿರುವ ಸೂತ್ರಗಳನ್ನು ತಂದು ತುಂಬುತ್ತಾರೆ. ನಿಮ್ಮ ಪ್ರತಿಯಲ್ಲಿ ಎರಡೂ ಆಗಿವೆ.

ಬಿಟ್ಟದ್ದನ್ನು ಮೊದಲು ನೋಡೋಣ. ‘ಪುತ್ರಪೌತ್ರ ಪಾರಂಪರ್ಯವಾಗಿ ಯಾವಚ್ಚಂದ್ರಾರ್ಕ ಸ್ಥಾಯಿಯಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಎಂಬುದು ನಿಮ್ಮ ಅಜ್ಜಿಗೆ ಸಿಕ್ಕಿದ ಹಕ್ಕು ಎಂಥದು ಎಂಬುದನ್ನು ಹೇಳುತ್ತದೆ. ಜೀವಿತಾವಧಿಗೆ ಸೀಮಿತವಾದದ್ದಲ್ಲ, ವಂಶಕ್ಕೆ ಇಳಿಯುವ ಪೂರ್ಣ ಹಕ್ಕು. ಪುತ್ರಪೌತ್ರ ಎಂಬ ಮಾತನ್ನು ನ್ಯಾಯಾಲಯಗಳು ಬಹಳ ಹಿಂದಿನಿಂದಲೂ ಗಂಡುಮಕ್ಕಳಿಗೆ ಮಾತ್ರ ಎಂಬ ಅರ್ಥದಲ್ಲಿ ತೆಗೆದುಕೊಂಡಿಲ್ಲ. ಪಡೆದವಳು ಹೆಂಗಸಾಗಿದ್ದರೂ ವಂಶಪಾರಂಪರ್ಯದ ಪೂರ್ಣ ಹಕ್ಕೆಂದೇ ಓದಿವೆ. ಆದರೆ ಆ ತೀರ್ಮಾನ ವಕೀಲರದು, ಅನುವಾದಕರದಲ್ಲ. ನಾವು ‘ಇನ್ ಸಕ್ಸೆಶನ್ ಫ್ರಮ್ ಸನ್ಸ್ ಟು ಗ್ರ್ಯಾಂಡ್‌ಸನ್ಸ್’ ಎಂದು ಇದ್ದದ್ದನ್ನು ಇದ್ದಂತೆ ಕೊಟ್ಟು, ಇದು ಪಾರಂಪರ್ಯವನ್ನು ಸೂಚಿಸುವ ರೂಢಿಯ ಸೂತ್ರವೆಂದು ಅಡಿಯಲ್ಲಿ ಹೇಳಬೇಕು. ಕೆಲವು ಅಳಿಯಸಂತಾನದ ಪತ್ರಗಳಲ್ಲಿ ಇದೇ ಜಾಗದಲ್ಲಿ ‘ಸಂತಾನ ಪಾರಂಪರ್ಯವಾಗಿ’ ಎಂದಿರುತ್ತದೆ. ಎರಡಕ್ಕೂ ‘ಹೇರ್ಸ್ ಆ್ಯಂಡ್ ಸಕ್ಸೆಸರ್ಸ್’ ಎಂದು ಒಂದೇ ಬಣ್ಣ ಹಚ್ಚಿದರೆ ಪತ್ರ ಬರೆದವರು ಮಾಡಿದ ವ್ಯತ್ಯಾಸ ಅಳಿಸಿಹೋಗುತ್ತದೆ. ಯಾವಚ್ಚಂದ್ರಾರ್ಕಕ್ಕೆ ‘ಸೋ ಲಾಂಗ್ ಆ್ಯಸ್ ದ ಮೂನ್ ಆ್ಯಂಡ್ ದ ಸನ್ ಎಂಡ್ಯೂರ್’ ಎಂಬುದೇ ಸರಿ. ಓದಿದ ಯಾರಿಗೂ ಅರ್ಥವಾಗುತ್ತದೆ, ಟಿಪ್ಪಣಿಯೂ ಬೇಡ.

ಅಷ್ಟಭೋಗದ ಎಂಟು ಮಾತುಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದೊಳಗಿನ ನಿಧಿ, ಇಟ್ಟ ನಿಕ್ಷೇಪ, ನೀರು, ಕಲ್ಲು, ಕುಂದದೆ ನಿಂತಿರುವ ಫಲ, ಮುಂದೆ ಬರಲಿರುವುದು, ಈಗಾಗಲೇ ಸಿದ್ಧಿಸಿರುವುದು, ಮುಂದೆ ಸಾಧಿಸಬಹುದಾದದ್ದು. ಎಂಟನ್ನೂ ರೋಮನ್ ಲಿಪಿಯಲ್ಲಿ ಕೊಟ್ಟು ಪ್ರತಿಯೊಂದಕ್ಕೂ ಎರಡು ಮೂರು ಪದಗಳ ಅರ್ಥ ಬರೆಯಿರಿ. ನಿಧಿ ಸಿಕ್ಕಿದರೆ ಅದಕ್ಕೆ ಬೇರೆ ಕಾನೂನಿದೆ ನಿಜ, ಆದರೆ ಆ ಕಾರಣಕ್ಕೆ ಪತ್ರದ ಮಾತನ್ನು ಕಡಿಯುವ ಅಧಿಕಾರ ನಮಗಿಲ್ಲ.

ಸೇರಿಸಿದ್ದು ಇದಕ್ಕಿಂತ ಗಂಭೀರ. ಮೂಲದಲ್ಲಿ ‘ಸದ್ರಿ ಸ್ಥಿರಾಸ್ತಿಯ ಬಗ್ಗೆ ಯಾರಿಂದಲಾದರೂ ತಕರಾರು ಬಂದಲ್ಲಿ ನಾವೇ ಪರಿಹರಿಸಿಕೊಡುವೆವು’ ಎಂದಿದೆ. ಅನುವಾದದಲ್ಲಿ ಮಾರಿದವರು ಕೊಂಡವರ ಎಲ್ಲ ನಷ್ಟ, ವೆಚ್ಚಗಳನ್ನು ‘ಇಂಡೆಮ್ನಿಫೈ’ ಮಾಡುವರೆಂದು ನಾಲ್ಕು ಸಾಲುಗಳಿವೆ. ಪರಿಹರಿಸಿಕೊಡುವುದು ಎಂದರೆ ತಕರಾರನ್ನು ತಾವೇ ಮುಂದೆ ನಿಂತು ನಿವಾರಿಸುವುದು. ಪರಿಹಾರ ಕೊಡುವುದು ಎಂದರೆ ಹಣ ಕೊಡುವುದು. ಧ್ವನಿ ಒಂದೇ ಎಂದು ಕಾಣುವ ಈ ಎರಡರ ನಡುವೆ ಕಾನೂನಿನಲ್ಲಿ ಬಹಳ ದೂರವಿದೆ. ‘ವಿ ಅವರ್ಸೆಲ್ವ್ಸ್ ಶಲ್ ಕ್ಲಿಯರ್ ದ ಸೇಮ್’ ಎಂಬಲ್ಲಿಗೆ ನಿಲ್ಲಿಸಬೇಕು. ಆ ಕರಾರಿಗೆ ಕಾನೂನಿನಲ್ಲಿ ಎಷ್ಟು ಬಲವಿದೆ ಎಂಬುದನ್ನು ವಕೀಲರು ನೋಡಿಕೊಳ್ಳುತ್ತಾರೆ. ‘ನಾವು’, ‘ನಿಮಗೆ’ ಎಂಬ ಮಾತುಗಳನ್ನೂ ‘ವೆಂಡರ್ಸ್’, ‘ಪರ್ಚೇಸರ್’ ಎಂದು ಬದಲಿಸಬೇಡಿ. ಹಳೆಯ ಪತ್ರ ಒಬ್ಬರು ಇನ್ನೊಬ್ಬರಿಗೆ ಮುಖಾಮುಖಿಯಾಗಿ ಹೇಳಿದ ಮಾತಿನ ರೂಪದಲ್ಲಿದೆ, ಇಂಗ್ಲಿಷಿನಲ್ಲೂ ಅದು ಹಾಗೆಯೇ ನಿಲ್ಲುತ್ತದೆ. ಹಾಗೆಯೇ, ‘ಬರೆದುಕೊಟ್ಟವರು’ ಎಂದರೆ ಮಾರಿದವರು, ‘ಬರೆದವರು’ ಎಂದರೆ ಪತ್ರ ಬರೆದ ಲೇಖಕರು. ನಿಮ್ಮ ಕೊನೆಯ ಪುಟದಲ್ಲಿ ಲೇಖಕರ ರುಜುವನ್ನು ‘ಎಕ್ಸಿಕ್ಯೂಟೆಂಟ್’ ಎಂದು ತೋರಿಸಿರುವುದರಿಂದ ಮಾರಿದವರು ನಾಲ್ವರಾಗಿದ್ದಾರೆ.

ಪತ್ರದ ಹೆಸರಿನ ‘ಶುದ್ಧ’ ಎಂಬ ವಿಶೇಷಣವೂ ಬಿಟ್ಟುಹೋಗಿದೆ. ‘ಶುದ್ಧ ಕ್ರಯಪತ್ರ’ ಎಂದರೆ ‘ಅಬ್ಸಲ್ಯೂಟ್ ಸೇಲ್ ಡೀಡ್’. ಮರಳಿ ಕೊಳ್ಳುವ ಷರತ್ತಿನ ಮೇಲೆ ಅವಧಿಗೆ ಬರೆದುಕೊಡುವ ಕ್ರಯಗಳೂ ಆಗ ಇದ್ದುದರಿಂದ ಆ ವಿಶೇಷಣವನ್ನು ಬೇಕೆಂದೇ ಹಾಕುತ್ತಿದ್ದರು.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕಾಗಿದೆ. ಶೆಡ್ಯೂಲಿನ ಕೊನೆಗೆ ‘ಇದಕ್ಕೆ ಸಂಬಂಧಪಟ್ಟ ಕುಮ್ಕಿ ಹಕ್ಕು ಸಹಿತ’ ಎಂದಿದೆ. ಅನುವಾದದಲ್ಲಿ ಅದು ‘ಟುಗೆದರ್ ವಿತ್ ದ ಅಡ್ಜಾಯ್ನಿಂಗ್ ಕುಮ್ಕಿ ಲ್ಯಾಂಡ್’ ಆಗಿದೆ. ಕುಮ್ಕಿ ನಿಮ್ಮ ಅಜ್ಜಿ ಕೊಂಡ ಭೂಮಿಯಲ್ಲ. ಹಳೆಯ ವರ್ಗದ, ಅಂದರೆ ಕಂದಾಯ ಲೆಕ್ಕದಲ್ಲಿ ಒಬ್ಬರ ಹೆಸರಿಗಿದ್ದ ಹಿಡುವಳಿಯ, ಸಾಗುವಳಿ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ, ಮೇವು ತೆಗೆದುಕೊಳ್ಳಲು ವರ್ಗದಾರನಿಗೆ ಇದ್ದ ವಿಶೇಷ ಸವಲತ್ತು ಅದು. ‘ಕುಮ್ಕಿ ಪ್ರಿವಿಲೇಜ್’ ಎಂದು ಬರೆದು ಇಷ್ಟನ್ನು ಟಿಪ್ಪಣಿಯಲ್ಲಿ ಹೇಳಿ. ಭೂಮಿ ಎಂದು ಬರೆದ ಅನುವಾದವನ್ನು ನೀವು ಎಲ್ಲಿಯಾದರೂ ಹಾಜರುಪಡಿಸಿದರೆ ಸರಕಾರದ ಜಾಗವನ್ನು ನಿಮ್ಮದೆಂದು ಹೇಳಿಕೊಂಡಂತೆ ಆಗುತ್ತದೆ.

ಸ್ಥಳದ ಹೆಸರುಗಳನ್ನು ಪತ್ರದಲ್ಲಿದ್ದಂತೆಯೇ ಇಡಿ. ಪತ್ರದಲ್ಲಿ ನಿಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲೂಕಿನಲ್ಲಿದೆ. ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಈಗಿನ ಜಿಲ್ಲೆ, ತಾಲೂಕುಗಳ ಹೆಸರು ಟಿಪ್ಪಣಿಗೆ ಸೇರಬೇಕು. ಹಿಂಬದಿಯ ನೋಂದಣಿ ಷರಾವನ್ನು, ಅಂದರೆ ಪುಸ್ತಕ, ಸಂಪುಟ, ಪುಟ, ದಸ್ತಾವೇಜು ನಂಬ್ರಗಳನ್ನು, ನಿಮ್ಮವರು ಅನುವಾದಿಸಿಯೇ ಇಲ್ಲ. ಮುಂಬಯಿಯವರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರವನ್ನು ಪರಿಶೀಲಿಸಬೇಕಾದರೆ ಅದೇ ದಾರಿ. ಮುದ್ರೆಯ ಕೆಳಗೆ ಓದಲಾಗದ ಎರಡು ಕಡೆಗಳಿವೆ, ಅಲ್ಲಿ ‘ಇಲ್ಲೆಜಿಬಲ್’ ಎಂದು ಬರೆಯಿರಿ, ತುಂಬಬೇಡಿ.

ಹೊಸ ಪ್ರತಿ ಸಿದ್ಧವಾದ ಮೇಲೆ ಇಬ್ಬರು ಕೂತು ತಾಳೆ ನೋಡಿ. ಒಬ್ಬರು ಇಂಗ್ಲಿಷಿನ ಶೆಡ್ಯೂಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ನೋಡಬೇಕು. ನಿಮ್ಮ ಪತ್ರದ ಅಂಕಿಗಳು ಕನ್ನಡದವು, ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ನಾನು 0-6 ಎಂದು ಓದಿದ್ದು ಒಟ್ಟು 1-64 ಬರುವುದರಿಂದ. 0-9 ಆಗಿದ್ದರೆ 1-67 ಬರಬೇಕಿತ್ತು. ಕ್ರಯದ ಮೊತ್ತವನ್ನು ಅಕ್ಷರದಲ್ಲಿಯೂ ಬರೆದಿದ್ದಾರೆ, ಅಲ್ಲಿ ಸಂಶಯವಿಲ್ಲ. ಸರ್ವೆ ನಂಬ್ರವನ್ನು ಅಕ್ಷರದಲ್ಲಿ ಬರೆದಿಲ್ಲ, ಅದು ಕೂಡುವ ಲೆಕ್ಕವೂ ಅಲ್ಲ. ಮೂರು ನಂಬ್ರಗಳನ್ನೂ ಈಗಿನ ಪಹಣಿ ತೆಗೆಸಿ ನೋಡಿದ ಮೇಲೆಯೇ ಅನುವಾದಕ್ಕೆ ರುಜು ಹಾಕಿಸಿಕೊಳ್ಳಿ.